ಜಾರುವ ಏಣಿಯ ಲೆಕ್ಕ: ನಾನು ಬಿಡಿಸಿದ ಬಗೆ

ಲೆಕ್ಕ ಇಷ್ಟೇ. 5 ಮೀಟರ್ ಉದ್ದದ ಏಣಿಯೊಂದು ನೆಟ್ಟನೆಯ ಗೋಡೆಗೆ ಒರಗಿದೆ. ಅದರ ಬುಡವನ್ನು ಸೆಕೆಂಡಿಗೆ 0.4 ಮೀಟರ್‌ನಂತೆ ಗೋಡೆಯಿಂದ ದೂರಕ್ಕೆ ಎಳೆಯುತ್ತಿದ್ದಾರೆ. ಬುಡ ಗೋಡೆಯಿಂದ 3 ಮೀಟರ್ ದೂರದಲ್ಲಿರುವ ಕ್ಷಣದಲ್ಲಿ ಏಣಿಯ ತುದಿ ಯಾವ ವೇಗದಲ್ಲಿ ಕೆಳಗಿಳಿಯುತ್ತಿರುತ್ತದೆ?

ಕಾಲೇಜಿನಲ್ಲಿ ಇದನ್ನು ಮೊದಲ ಸಲ ಬಿಡಿಸಿದಾಗ ನನಗೆ ಬಂದ ಉತ್ತರ ಸೊನ್ನೆ. ಗೋಡೆ, ನೆಲ, ಏಣಿ ಸೇರಿ ಲಂಬಕೋನ ತ್ರಿಭುಜವಾಗುತ್ತದೆ, ಹಾಗಾಗಿ ಪೈಥಾಗರಸ್ ಪ್ರಮೇಯ ಬೇಕು ಎಂಬುದು ಚಿತ್ರ ಬರೆದ ಕೂಡಲೇ ಹೊಳೆದಿತ್ತು. ಬುಡದ ದೂರ 3 ಎಂದು ಕೊಟ್ಟಿದ್ದಾರಲ್ಲ, ಅದನ್ನು ಹಾಕಿ ಹೀಗೆ ಬರೆದೆ:

3² + y² = 5²

ಇಲ್ಲಿ y ಎಂದರೆ ತುದಿಯ ಎತ್ತರ. ಕಾಲದ ಪ್ರಕಾರ ಅವಕಲನ ಮಾಡಿದೆ. 9 ಸ್ಥಿರ ಸಂಖ್ಯೆ, ಅದರ ಬದಲಾವಣೆಯ ದರ ಸೊನ್ನೆ. 25ರದ್ದೂ ಸೊನ್ನೆ. ಉಳಿದದ್ದು 2y·dy/dt = 0. ಅಂದರೆ ತುದಿ ಇಳಿಯುತ್ತಲೇ ಇಲ್ಲ! ಪ್ರತಿ ಸಾಲನ್ನೂ ಮತ್ತೆ ಮತ್ತೆ ತಿದ್ದಿ ನೋಡಿದೆ. ಬೀಜಗಣಿತದಲ್ಲಿ ತಪ್ಪೇನೂ ಸಿಗಲಿಲ್ಲ. ನಿಜಕ್ಕೂ ಅಲ್ಲಿ ತಪ್ಪಿರಲಿಲ್ಲ. ತಪ್ಪಾಗಿದ್ದು ಅದಕ್ಕೂ ಮೊದಲು, 3 ಎಂದು ಬರೆದ ಗಳಿಗೆಯಲ್ಲಿ. x ಇರಬೇಕಾದ ಜಾಗದಲ್ಲಿ 3 ಬರೆದದ್ದು ಏಣಿಯ ಬುಡಕ್ಕೆ ಮೊಳೆ ಹೊಡೆದಂತೆ. ಬುಡ ಅಲುಗದಿದ್ದರೆ ತುದಿಯೂ ಅಲುಗದು. ನಾನು ಕೇಳಿದ ಪ್ರಶ್ನೆಗೆ ಲೆಕ್ಕ ಸರಿಯಾದ ಉತ್ತರವನ್ನೇ ಕೊಟ್ಟಿತ್ತು, ಪ್ರಶ್ನೆಯೇ ಬೇರೆಯಾಗಿತ್ತು.

ಇದು ಅರ್ಥವಾದ ಮೇಲೆ ಕಲನಶಾಸ್ತ್ರವನ್ನು ಬದಿಗಿಟ್ಟು, ಏಣಿ ಹೇಗೆ ಜಾರುತ್ತದೆ ಎಂಬುದನ್ನೇ ಮೊದಲು ನೋಡೋಣ ಎಂದುಕೊಂಡೆ. ಗ್ರಾಫ್ ಹಾಳೆಯಲ್ಲಿ ಒಂದು ಮೀಟರಿಗೆ 2 ಸೆಂಟಿಮೀಟರ್ ಎಂದು ಅಳತೆ ಇಟ್ಟುಕೊಂಡು 10 ಸೆಂಟಿಮೀಟರ್ ಉದ್ದದ ರಟ್ಟಿನ ಪಟ್ಟಿ ಕತ್ತರಿಸಿದೆ. ಅದೇ ಏಣಿ. ಅದರ ಬುಡವನ್ನು ಒಂದೊಂದೇ ಮೀಟರ್ ಸರಿಸುತ್ತಾ ತುದಿ ಎಲ್ಲಿಗೆ ಬರುತ್ತದೆಂದು ಗುರುತು ಹಾಕಿದೆ. ಬುಡ ಗೋಡೆಗೆ ತಾಗಿದ್ದಾಗ ತುದಿಯ ಎತ್ತರ 5 ಮೀಟರ್. ಬುಡ 1 ಮೀಟರ್ ಸರಿದಾಗ ಎತ್ತರ ಸುಮಾರು 4.9, 2 ಮೀಟರ್‌ಗೆ 4.58, 3ಕ್ಕೆ ಸರಿಯಾಗಿ 4, 4ಕ್ಕೆ 3, 5ಕ್ಕೆ ಸೊನ್ನೆ.

ಈ ಗುರುತುಗಳನ್ನು ನೋಡುತ್ತಾ ತುಂಬ ಹೊತ್ತು ಕೂತಿದ್ದೆ. ಬುಡ ಪ್ರತಿ ಸಲವೂ ಒಂದೇ ಮೀಟರ್ ಸರಿದಿದೆ. ಆದರೆ ತುದಿ ಮೊದಲ ಮೀಟರಿನಲ್ಲಿ ಬರೀ 10 ಸೆಂಟಿಮೀಟರ್ ಇಳಿದರೆ ಕೊನೆಯ ಮೀಟರಿನಲ್ಲಿ ಬರೋಬ್ಬರಿ 3 ಮೀಟರ್ ಇಳಿದಿದೆ. ಬುಡದ ವೇಗ ಒಂದೇ ಸಮನಾಗಿದ್ದರೂ ತುದಿಯದು ಹಾಗಿರಲು ಸಾಧ್ಯವಿಲ್ಲ. "ಬುಡ 3 ಮೀಟರ್ ದೂರದಲ್ಲಿರುವ ಕ್ಷಣದಲ್ಲಿ" ಎಂದು ಲೆಕ್ಕದಲ್ಲಿ ಒತ್ತಿ ಹೇಳಿರುವುದು ಅದಕ್ಕೇ. ಉತ್ತರ ಎಲ್ಲಿರಬೇಕು ಎಂಬ ಅಂದಾಜೂ ಇಲ್ಲೇ ಸಿಕ್ಕಿತು. 2ರಿಂದ 3ಕ್ಕೆ ಸರಿದಾಗ ತುದಿ 0.58 ಮೀಟರ್ ಇಳಿಯಿತು, 3ರಿಂದ 4ಕ್ಕೆ ಸರಿದಾಗ 1 ಮೀಟರ್. ಹಾಗಾದರೆ 3ರ ಹತ್ತಿರ, ಬುಡ ಸರಿದ ಪ್ರತಿ ಮೀಟರಿಗೆ ತುದಿ 0.58ಕ್ಕಿಂತ ಹೆಚ್ಚು, 1ಕ್ಕಿಂತ ಕಡಿಮೆ ಇಳಿಯುತ್ತಿರಬೇಕು. ಬುಡದ ವೇಗ 0.4 ಆದ್ದರಿಂದ ತುದಿಯ ವೇಗ ಸೆಕೆಂಡಿಗೆ 0.23ರಿಂದ 0.4 ಮೀಟರಿನ ನಡುವೆ ಎಲ್ಲೋ ಇದೆ. ಮುಂದೆ ಏನೇ ಉತ್ತರ ಬಂದರೂ ಈ ಬೇಲಿಯೊಳಗೆ ಇರಲೇಬೇಕು.

ಈಗ ಸಮೀಕರಣಕ್ಕೆ ಮರಳಿದೆ. ಪೆನ್ನು ಎತ್ತುವ ಮೊದಲು ಒಂದೊಂದು ರಾಶಿಗೂ ಒಂದೇ ಪ್ರಶ್ನೆ ಕೇಳಿದೆ: ಏಣಿ ಜಾರುವಷ್ಟೂ ಹೊತ್ತು ಇದು ಹೀಗೇ ಇರುತ್ತದೆಯೆ? ಏಣಿಯ ಉದ್ದ ಇರುತ್ತದೆ, ಆದ್ದರಿಂದ 5 ಎಂದು ಬರೆಯಲು ಅಡ್ಡಿಯಿಲ್ಲ. ಬುಡದ ದೂರ ಇರುವುದಿಲ್ಲ, ಅದು x. ತುದಿಯ ಎತ್ತರವೂ ಇರುವುದಿಲ್ಲ, ಅದು y. 3 ಎಂಬುದು ಒಂದು ಕ್ಷಣದ ಮಾತು, ಅದು ಕೊನೆಗೆ ಬರಲಿ ಎಂದು ಹಾಳೆಯ ಅಂಚಿನಲ್ಲಿ ಬೇರೆಯಾಗಿ ಬರೆದಿಟ್ಟೆ.

x² + y² = 25

ಇದು ಜಾರುವಿಕೆಯ ಪ್ರತಿ ಕ್ಷಣಕ್ಕೂ ನಿಜ. ಪ್ರತಿ ಕ್ಷಣಕ್ಕೂ ನಿಜವಾದ ಸಮೀಕರಣವನ್ನು ಮಾತ್ರ ಕಾಲದ ಪ್ರಕಾರ ಅವಕಲನ ಮಾಡಬಹುದು. ಒಂದು ಕ್ಷಣದಲ್ಲಷ್ಟೇ ನಿಜವಾದದ್ದು ಬದಲಾವಣೆಯ ಬಗ್ಗೆ ಏನನ್ನೂ ಹೇಳಲಾರದು.

2x·dx/dt + 2y·dy/dt = 0

ಈ ಸಾಲಿನಲ್ಲಿ dx/dt ಎಲ್ಲಿಂದ ಬಂತು ಎಂದು ಹಲವರು ತಡವರಿಸುತ್ತಾರೆ. ಸರಪಳಿ ನಿಯಮ ಎಂದರೆ ಹೆಸರು ಹೇಳಿದಂತಾಯಿತೇ ಹೊರತು ಕಾರಣ ಹೇಳಿದಂತಾಗಲಿಲ್ಲ. ನನಗೆ ಅದು ಮನಸ್ಸಿಗೆ ಇಳಿದದ್ದು x² ಎಂಬುದನ್ನು ನಿಜವಾದ ಒಂದು ಚೌಕವೆಂದು ನೋಡಿದ ಮೇಲೆ. ನೆಲದ ಮೇಲೆ x ಬಾಹುವಿನ ಚೌಕ ಹಾಸಿದೆ ಎಂದಿಟ್ಟುಕೊಳ್ಳಿ. ಬಾಹು ಒಂದು ಚೂರು ಬೆಳೆದರೆ ಚೌಕದ ಎರಡು ಅಂಚುಗಳಲ್ಲಿ x ಉದ್ದದ ಎರಡು ತೆಳು ಪಟ್ಟಿಗಳು ಸೇರಿಕೊಳ್ಳುತ್ತವೆ. ಮೂಲೆಯಲ್ಲಿ ಉಳಿಯುವ ಪುಟ್ಟ ಚೌಕ ಲೆಕ್ಕಕ್ಕೆ ಬರದಷ್ಟು ಚಿಕ್ಕದು. ಎರಡು ಪಟ್ಟಿ, ಆದ್ದರಿಂದ 2x. ಅವು ಸೆಕೆಂಡಿಗೆ ಎಷ್ಟು ದಪ್ಪವಾಗುತ್ತಿವೆ ಎಂಬುದೇ dx/dt. ಗೋಡೆಯ ಮೇಲೂ y ಬಾಹುವಿನ ಇನ್ನೊಂದು ಚೌಕವಿದೆ. ಎರಡರ ವಿಸ್ತೀರ್ಣ ಸೇರಿ ಯಾವಾಗಲೂ 25 ಚದರ ಮೀಟರ್ ಇರಲೇಬೇಕು, ಏಕೆಂದರೆ ಏಣಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ನೆಲದ ಚೌಕ ಗಳಿಸಿದಷ್ಟನ್ನು ಗೋಡೆಯ ಚೌಕ ಕಳೆದುಕೊಳ್ಳಬೇಕು. ಮೇಲಿನ ಸಾಲು ಹೇಳುತ್ತಿರುವುದು ಇದನ್ನೇ.

ಈಗ ಅಂಚಿನಲ್ಲಿ ಬರೆದಿಟ್ಟ 3ರ ಸರದಿ. x = 3 ಆದಾಗ y = √(25 − 9) = 4. ಲೆಕ್ಕದಲ್ಲಿ y ಕೊಟ್ಟಿರುವುದಿಲ್ಲ, ಆ ಕ್ಷಣದ ತ್ರಿಭುಜದಿಂದ ನಾವೇ ತೆಗೆದುಕೊಳ್ಳಬೇಕು. dx/dt = 0.4. ನೆಲದ ಚೌಕ ಸೆಕೆಂಡಿಗೆ 2 × 3 × 0.4 = 2.4 ಚದರ ಮೀಟರ್ ಬೆಳೆಯುತ್ತಿದೆ. ಗೋಡೆಯ ಚೌಕ ಅಷ್ಟನ್ನೇ ಕಳೆದುಕೊಳ್ಳಬೇಕು:

2 × 4 × dy/dt = −2.4

dy/dt = −0.3

ತುದಿ ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಇಳಿಯುತ್ತಿದೆ. ಗ್ರಾಫ್ ಹಾಳೆ ಹಾಕಿಕೊಟ್ಟ ಬೇಲಿಯೊಳಗೇ ಇದೆ. ಋಣ ಚಿಹ್ನೆಯನ್ನು ನಾನಾಗಿ ಸೇರಿಸಲಿಲ್ಲ, ಅದು ತಾನಾಗಿ ಬಂತು, y ಕಡಿಮೆಯಾಗುತ್ತಿದೆ ಎಂದು ಹೇಳಿತು. "ಯಾವ ವೇಗದಲ್ಲಿ ಇಳಿಯುತ್ತಿದೆ" ಎಂದು ಕೇಳಿದರೆ ಉತ್ತರ 0.3, dy/dt ಎಷ್ಟು ಎಂದು ಕೇಳಿದರೆ −0.3. ಧನ ಸಂಖ್ಯೆ ಬಂದಿದ್ದರೆ ಏಣಿ ಗೋಡೆ ಹತ್ತುತ್ತಿದೆ ಎಂದಾಗುತ್ತಿತ್ತು, ಎಲ್ಲೋ ಚಿಹ್ನೆ ತಪ್ಪಿದೆ ಎಂದು ಅಲ್ಲೇ ತಿಳಿಯುತ್ತಿತ್ತು.

ಅಂದಾಜಿಗೆ ಸರಿಹೊಂದಿದರೆ ಸಾಲದು, ಬೇರೆ ದಾರಿಯಲ್ಲೂ ಅದೇ ಉತ್ತರ ಬರಬೇಕು ಎಂಬುದು ನನ್ನ ಅಭ್ಯಾಸ. ಏಣಿ ಹಿಗ್ಗುವುದಿಲ್ಲ ಎಂಬುದನ್ನೇ ಹಿಡಿದು ಇನ್ನೊಂದು ರೀತಿಯಲ್ಲಿ ನೋಡಿದೆ. ಹಿಗ್ಗದಿರಬೇಕಾದರೆ ಏಣಿಯ ಉದ್ದಕ್ಕೆ ಬುಡ ಎಷ್ಟು ವೇಗದಲ್ಲಿ ಸಾಗುತ್ತದೋ ತುದಿಯೂ ಅಷ್ಟೇ ವೇಗದಲ್ಲಿ ಅದರ ಹಿಂದೆ ಸಾಗಬೇಕು. ಬುಡ ಅಡ್ಡಕ್ಕೆ ಚಲಿಸುತ್ತಿದೆ, ಅದರ ವೇಗದಲ್ಲಿ ಏಣಿಯ ದಿಕ್ಕಿಗೆ ಸಿಗುವ ಪಾಲು 0.4 × 3/5 = 0.24. ತುದಿ ಕೆಳಕ್ಕೆ ಚಲಿಸುತ್ತಿದೆ, ಅದರ ಪಾಲು 0.3 × 4/5 = 0.24. ಎರಡೂ ಒಂದೇ. ಅವಕಲನದ ಸಹಾಯವೇ ಇಲ್ಲದೆ ಅದೇ ಉತ್ತರ ಬಂದದ್ದು ನನಗೆ ತುಂಬ ಸಂತೋಷ ಕೊಟ್ಟಿತು.

ಲೆಕ್ಕ ಇಲ್ಲಿಗೆ ಮುಗಿಯಿತು, ಆದರೆ ರಟ್ಟಿನ ಪಟ್ಟಿಯ ಆ ಕೊನೆಯ ಮೀಟರ್ ನನ್ನನ್ನು ಬಿಡಲಿಲ್ಲ. ಸಂಖ್ಯೆ ಹಾಕದೆ ಬಿಡಿಸಿದರೆ ಸಿಗುವುದು dy/dt = −(x/y)·dx/dt. ಏಣಿ 45 ಡಿಗ್ರಿ ಓರೆಯಾಗುವವರೆಗೆ x ಚಿಕ್ಕದು, ತುದಿ ಬುಡಕ್ಕಿಂತ ನಿಧಾನ. ಅಲ್ಲಿಂದ ಮುಂದೆ ತುದಿಯದೇ ಓಟ. y ಸೊನ್ನೆಯ ಹತ್ತಿರ ಬಂದಂತೆ x/y ಎಂಬುದು ಮಿತಿಯಿಲ್ಲದೆ ಏರುತ್ತದೆ. x = 4.9 ಆದಾಗ ತುದಿಯ ವೇಗ ಸೆಕೆಂಡಿಗೆ ಸುಮಾರು 2 ಮೀಟರ್, 4.99 ಆದಾಗ 6.3, 4.999 ಆದಾಗ 20. ನೆಲ ಮುಟ್ಟುವ ಕ್ಷಣಕ್ಕೆ ಅನಂತ. ಯಾವ ಏಣಿಯೂ ಹಾಗೆ ಬೀಳುವುದಿಲ್ಲ. ಹಾಗಾದರೆ ಸಮೀಕರಣ ಎಲ್ಲಿ ಕೈಕೊಟ್ಟಿತು?

ಅವಕಲನದಲ್ಲಂತೂ ಅಲ್ಲ. x² + y² = 25 ಎಂದು ಬರೆದಾಗ ತುದಿ ಕೊನೆಯವರೆಗೂ ಗೋಡೆಗೆ ಅಂಟಿಕೊಂಡೇ ಇರುತ್ತದೆ ಎಂದು ನಾವು ಸದ್ದಿಲ್ಲದೆ ಒಪ್ಪಿಕೊಂಡಿದ್ದೆವು. ಗೋಡೆ ಏಣಿಯನ್ನು ಆಚೆಗೆ ತಳ್ಳಬಲ್ಲದೇ ಹೊರತು ತನ್ನತ್ತ ಎಳೆದುಕೊಳ್ಳಲಾರದು. ತುದಿಯನ್ನು ಕೆಳಗಿಳಿಸುವುದು ಗುರುತ್ವ ಒಂದೇ. ಸಮೀಕರಣ ಬೇಡುವಷ್ಟು ಬೇಗ ಗುರುತ್ವ ಅದನ್ನು ಇಳಿಸಲಾಗದ ಕ್ಷಣದಲ್ಲಿ ತುದಿ ಗೋಡೆ ಬಿಡುತ್ತದೆ. ಉದ್ದಕ್ಕೂ ಒಂದೇ ತೂಕ ಹಂಚಿಕೊಂಡ ಏಣಿ, ಘರ್ಷಣೆಯಿಲ್ಲದ ಗೋಡೆ ಎಂದಿಟ್ಟುಕೊಂಡು, ಬುಡದ ಸುತ್ತ ತಿರುಗುವ ಬಲಗಳನ್ನು ತೂಗಿ ನೋಡಿದರೆ ಆ ಎತ್ತರ ಹೀಗೆ ಸಿಗುತ್ತದೆ:

y³ = 2v²L² / (3g)

ಬುಡದ ವೇಗ v = 0.4, ಏಣಿಯ ಉದ್ದ L = 5, ಗುರುತ್ವ ವೇಗೋತ್ಕರ್ಷ g = 9.8 ಎಂದು ಹಾಕಿದಾಗ y ಸುಮಾರು 0.65 ಮೀಟರ್ ಬಂತು. ಆ ಹೊತ್ತಿಗೆ ತುದಿಯ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಅಲ್ಲಿಂದ ಕೆಳಗೆ ತುದಿ ಗೋಡೆಗೆ ತಾಗುವುದಿಲ್ಲ, ತ್ರಿಭುಜವೇ ಇರುವುದಿಲ್ಲ. ಮೇಲೆ ಕೊಟ್ಟ 6.3, 20 ಎಂಬ ಸಂಖ್ಯೆಗಳು ಇಲ್ಲದ ಏಣಿಯ ವೇಗಗಳು. ಯಾರೂ ಎಳೆಯದೆ, ನೆಲದಲ್ಲೂ ಗೋಡೆಯಲ್ಲೂ ಘರ್ಷಣೆಯಿಲ್ಲದೆ, ನಿಂತ ಸ್ಥಿತಿಯಿಂದ ತಾನಾಗಿ ಜಾರುವ ಏಣಿಯ ಕಥೆ ಬೇರೆ. ಅಲ್ಲಿ ಬುಡದ ವೇಗವೂ ಒಂದೇ ಸಮನಿರುವುದಿಲ್ಲ, ತುದಿಯ ಎತ್ತರ ಮೊದಲಿದ್ದುದರ ಮೂರನೇ ಎರಡು ಪಾಲಿಗೆ ಇಳಿದಾಗಲೇ ಅದು ಗೋಡೆ ಬಿಡುತ್ತದೆ.

ನಮ್ಮ ಲೆಕ್ಕದ ಕ್ಷಣದಲ್ಲಿ y 4 ಮೀಟರ್ ಇತ್ತು, 0.65ಕ್ಕಿಂತ ಬಹಳ ಮೇಲೆ. ಆದ್ದರಿಂದ 0.3 ಎಂಬ ಉತ್ತರಕ್ಕೆ ಏನೂ ಧಕ್ಕೆಯಿಲ್ಲ.