ಒಂದೇ ಮೂಲೆಯಲ್ಲಿ ಟೊಳ್ಳೂ ಬಿರುಕೂ: ಉಕ್ಕಿನ ಬ್ರಾಕೆಟ್ಟಿಗೆ ರೈಸರ್, ಗೇಟ್ ಇಟ್ಟ ಕ್ರಮ

ಎರಕದ ಬ್ರಾಕೆಟ್ಟು ಶಾಟ್ ಬ್ಲಾಸ್ಟ್ ಆಗಿ ಬಂದಾಗ ಒಳಮೂಲೆಯ ಫಿಲೆಟ್ಟಿನುದ್ದಕ್ಕೂ ಅಂಕುಡೊಂಕಾದ ಬಿರುಕು ಕಂಡಿತು. ಅದೇ ಮೂಲೆಯನ್ನು ಗರಗಸದಲ್ಲಿ ಸೀಳಿದರೆ ಒಳಗೆ ಸ್ಪಂಜಿನಂಥ ಟೊಳ್ಳು. ಇವೆರಡನ್ನೂ ಒಂದೇ ದೋಷವೆಂದು ಬಗೆದು ಆ ಮೂಲೆಗೆ, ಕುಗ್ಗುವ ಎರಕಕ್ಕೆ ದ್ರವಲೋಹ ಉಣಿಸುವ ದೊಡ್ಡ ರೈಸರ್ ಒಂದನ್ನು ಕೂರಿಸಿಬಿಟ್ಟರೆ ಟೊಳ್ಳು ಹೋಗುತ್ತದೆ, ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ. ಏಕೆ ಹಾಗಾಗುತ್ತದೆ, ಎರಡನ್ನೂ ಒಟ್ಟಿಗೆ ಹೇಗೆ ಹಿಡಿತಕ್ಕೆ ತಂದೆ ಎಂಬುದನ್ನು ಅಳತೆಗಳ ಸಮೇತ ಬರೆಯುತ್ತಿದ್ದೇನೆ.

ಲೋಹ ಡಬ್ಲ್ಯೂಸಿಬಿ ದರ್ಜೆಯ ಇಂಗಾಲದ ಉಕ್ಕು. ಆಕಾರ ತಲೆಕೆಳಗಾದ ‘ಯು’. ಮೇಲೆ 500 × 200 ಮಿ.ಮೀ. ಪ್ಲೇಟು, ದಪ್ಪ 30. ಎರಡು ತುದಿಯಲ್ಲೂ ಪ್ಲೇಟಿನಿಂದ ಕೆಳಕ್ಕೆ 170 ಮಿ.ಮೀ. ಇಳಿಯುವ, 30 ಮಿ.ಮೀ. ದಪ್ಪದ ಗೋಡೆಗಳು. ಪ್ಲೇಟಿನ ನಡುವೆ, ಒಳಬದಿಗೆ, 120 ವ್ಯಾಸದ ಗಟ್ಟಿ ಬಾಸ್, 90 ಮಿ.ಮೀ. ಉದ್ದ. ತೂಕ ಸುಮಾರು 48 ಕಿಲೋ. ಅಚ್ಚು ಸೋಡಿಯಂ ಸಿಲಿಕೇಟ್–ಸಿಓ2 ಮರಳಿನದು. ಪ್ಲೇಟಿನ ಮೇಲ್ಮೈ ಪಾರ್ಟಿಂಗ್ ಲೈನಿನಲ್ಲಿ, ಗೋಡೆ ಮತ್ತು ಬಾಸ್ ಅಚ್ಚಿನ ಕೆಳಅರ್ಧವಾದ ಡ್ರ್ಯಾಗಿನಲ್ಲಿ. ಮೊದಲ ವಿನ್ಯಾಸದಲ್ಲಿ ಬಾಸಿನ ನೆತ್ತಿಯ ಮೇಲೆ ಒಂದೇ ಒಂದು ರೈಸರ್ ಇತ್ತು.

ಬೆಳಗಾವಿ, ಶಿವಮೊಗ್ಗದ ಕಡೆ ಬೂದು ಕಬ್ಬಿಣ, ಎಸ್‌ಜಿ ಕಬ್ಬಿಣ ಎರೆದು ಕೈ ಪಳಗಿದವರು ಉಕ್ಕಿಗೆ ಬಂದಾಗ ಇಂಥ ವಿನ್ಯಾಸವನ್ನೇ ಇಡುತ್ತಾರೆ. ಅದು ಅವರ ತಪ್ಪಲ್ಲ. ಕಬ್ಬಿಣ ಹೆಪ್ಪುಗಟ್ಟುವಾಗ ಗ್ರಾಫೈಟ್ ಹಿಗ್ಗಿ, ಆಗುವ ಕುಗ್ಗುವಿಕೆಯ ಬಹುಪಾಲನ್ನು ತಾನೇ ತುಂಬಿಕೊಡುತ್ತದೆ. ಉಕ್ಕಿನಲ್ಲಿ ಆ ಸಹಾಯವಿಲ್ಲ. ಹೆಪ್ಪುಗಟ್ಟುವಾಗ ಸುಮಾರು ಶೇ. 3, ಅದಕ್ಕೂ ಮೊದಲು ದ್ರವ ತಣಿಯುವಾಗ ಪ್ರತಿ 100 ಡಿಗ್ರಿಗೆ ಸುಮಾರು ಶೇ. 1.6ರಷ್ಟು ಗಾತ್ರ ಕುಗ್ಗುತ್ತದೆ. ಅಚ್ಚಿನ ಗೋಡೆ ಸ್ವಲ್ಪ ಸರಿಯುವುದನ್ನೂ ಸೇರಿಸಿ ಲೆಕ್ಕಕ್ಕೆ ಶೇ. 5 ಹಿಡಿಯುತ್ತೇನೆ. ಅಷ್ಟೂ ಲೋಹ ಎಲ್ಲಿಂದಾದರೂ ಬರಲೇಬೇಕು.

ಮೊದಲು ನೋಡಬೇಕಾದ್ದು, ಯಾವ ಭಾಗ ಯಾವಾಗ ಹೆಪ್ಪುಗಟ್ಟುತ್ತದೆ ಎಂಬುದನ್ನು. 1940ರಲ್ಲಿ ಚ್ವೊರಿನೊವ್ ಪ್ರಕಟಿಸಿದ ನಿಯಮ ಇಂದಿಗೂ ಸಾಕು: ಗಾತ್ರವನ್ನು ತಣಿಯುವ ಮೇಲ್ಮೈಯಿಂದ ಭಾಗಿಸಿದರೆ ಬರುವ ಮಾಡ್ಯುಲಸ್ಸಿನ ವರ್ಗಕ್ಕೆ ತಕ್ಕಂತೆ ಹೆಪ್ಪುಗಟ್ಟುವ ಸಮಯ ಬೆಳೆಯುತ್ತದೆ.

```
M = V / A
t = k × M²
```

ಪ್ಲೇಟು, ಗೋಡೆಗಳಿಗೆ ಮಾಡ್ಯುಲಸ್ ದಪ್ಪದ ಅರ್ಧ, ಅಂದರೆ 1.5 ಸೆಂ.ಮೀ. ಬಾಸಿನಲ್ಲಿ ಪ್ಲೇಟಿನ ದಪ್ಪವನ್ನೂ ಸೇರಿಸಿಕೊಂಡರೆ 1357 ಘನ ಸೆಂ.ಮೀ. ಲೋಹ. ನೆತ್ತಿಯ ಮೇಲೆ ರೈಸರ್ ಕೂತಿರುವುದರಿಂದ ತಣಿಯುವುದು ಪಕ್ಕ ಮತ್ತು ತಳ ಮಾತ್ರ, 452 ಚದರ ಸೆಂ.ಮೀ. ಮಾಡ್ಯುಲಸ್ 3.0. ಪ್ಲೇಟಿನ ಎರಡರಷ್ಟಾಯಿತು, ಹಾಗಾಗಿ ಬಾಸ್ ಹೆಪ್ಪುಗಟ್ಟಲು ನಾಲ್ಕು ಪಟ್ಟು ಸಮಯ ಬೇಕು. ಬಾಸ್ ಇನ್ನೂ ದ್ರವವಾಗಿರುವಾಗಲೇ ಪ್ಲೇಟು ಗಟ್ಟಿಯಾಗಿರುತ್ತದೆ. ಬಾಸಿನ ರೈಸರ್ ಎಷ್ಟೇ ದೊಡ್ಡದಿರಲಿ, ಪ್ಲೇಟಿನ ಮೂಲಕ ತುದಿಯವರೆಗೆ ಲೋಹ ಕಳಿಸಲು ದಾರಿ ಉಳಿದಿರುವುದಿಲ್ಲ. ಉಕ್ಕಿನ ಪ್ಲೇಟಿಗೆ ರೈಸರಿನ ಅಂಚಿನಿಂದ ತುದಿಯವರೆಗೆ ದಪ್ಪದ ನಾಲ್ಕೂವರೆ ಪಟ್ಟು ದೂರ ಮಾತ್ರ ಸರಿಯಾಗಿ ಉಣಿಸಬಹುದು. ಇಲ್ಲಿ ಅದು 135 ಮಿ.ಮೀ. ಬಾಸಿನ ಅಂಚಿನಿಂದ ಪ್ಲೇಟಿನ ತುದಿಗೇ 190 ಇದೆ. ಅಲ್ಲಿಂದಾಚೆ ಗೋಡೆ ಬೇರೆ.

ಮೂಲೆಯ ಕಥೆ ಇನ್ನೂ ಕೆಟ್ಟದು. 30ರ ಪ್ಲೇಟು, 30ರ ಗೋಡೆ ಕೂಡುವಲ್ಲಿ, ಹೊರಮೂಲೆ ಚೂಪಾಗಿ ಒಳಫಿಲೆಟ್ 15 ಮಿ.ಮೀ. ಇದ್ದರೆ, ಒಳಗೆ 40 ಮಿ.ಮೀ. ವ್ಯಾಸದ ವೃತ್ತ ಕೂರುತ್ತದೆ. ಹೊರಮೂಲೆಯ ಶಾಖ ಎರಡು ಕಡೆಗೆ ಹರಡಿಹೋಗುತ್ತದೆ. ಒಳಮೂಲೆಯ ಮರಳಿಗೆ ಎರಡೂ ಕಡೆಯಿಂದ ಬಿಸಿ ಬಡಿಯುತ್ತದೆ, ಅದು ಹೊತ್ತಿ ಕೆಂಪಾಗಿ ಶಾಖ ಹೀರುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ಕೊನೆಗೆ ಹೆಪ್ಪುಗಟ್ಟುವ ಲೋಹ ಫಿಲೆಟ್ಟಿನ ಚರ್ಮದ ಹತ್ತಿರವೇ ಉಳಿಯುತ್ತದೆ. ಅಷ್ಟರಲ್ಲಿ ಪ್ಲೇಟು ಕುಗ್ಗಲು ಶುರುವಾಗಿರುತ್ತದೆ. 500 ಮಿ.ಮೀ. ಉದ್ದ ತಣ್ಣಗಾಗುವ ಹೊತ್ತಿಗೆ ಶೇ. 2ರಂತೆ 10 ಮಿ.ಮೀ. ಕುಗ್ಗಬೇಕು. ಎರಡು ಗೋಡೆಗಳ ನಡುವಿನ ಗಟ್ಟಿ ಮರಳು ಬಿಡುವುದಿಲ್ಲ. ಎಳೆತವೆಲ್ಲ ಇನ್ನೂ ಪೂರ್ತಿ ಗಟ್ಟಿಯಾಗದ, ಕಣಗಳ ನಡುವೆ ತೆಳು ದ್ರವದ ಪೊರೆ ಉಳಿದಿರುವ ಆ ಮೂಲೆಯ ಮೇಲೇ ಬೀಳುತ್ತದೆ. ಅಲ್ಲಿ ಬಿಡುವ ಬಿರುಕೇ ಹಾಟ್ ಟಿಯರ್.

ಇದು ಹಾಟ್ ಟಿಯರೋ, ಆಮೇಲೆ ತಣ್ಣಗಾದಾಗ ಬಿಟ್ಟ ಬಿರುಕೋ ಎಂದು ತಿಳಿಯಲು ಆ ಭಾಗವನ್ನು ಒಡೆದು ಮುಖ ನೋಡಿ. ಹಾಟ್ ಟಿಯರಿನ ಮುಖ ಕಪ್ಪಾಗಿ ಆಕ್ಸೈಡ್ ಹಿಡಿದಿರುತ್ತದೆ, ದಾರಿ ಡೊಂಕು. ತಣ್ಣನೆಯ ಬಿರುಕು ನೇರ, ಮುಖ ಹೊಳೆಯುತ್ತದೆ. ಟೊಳ್ಳಿನಲ್ಲೂ ಹೀಗೆಯೇ: ಗೋಡೆ ಒರಟಾಗಿ, ಮುಳ್ಳುಮುಳ್ಳಾಗಿ ಡೆಂಡ್ರೈಟ್ ಕಂಡರೆ ಶ್ರಿಂಕೇಜ್, ನುಣ್ಣಗೆ ದುಂಡಗೆ ಇದ್ದರೆ ಗ್ಯಾಸ್, ಅದಕ್ಕೆ ರೈಸರ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಈಗ ಹೊಸ ವಿನ್ಯಾಸ. ಬಾಸಿನ ಮೇಲೊಂದು, ಎರಡು ತುದಿಯ ಮೂಲೆಗಳ ಮೇಲೆ ಒಂದೊಂದು, ಒಟ್ಟು ಮೂರು ತೆರೆದ ರೈಸರ್. ರೈಸರಿನ ಮಾಡ್ಯುಲಸ್ ತಾನು ಉಣಿಸುವ ಭಾಗದ 1.2 ಪಟ್ಟಾದರೂ ಇರಬೇಕು. ಬಾಸಿಗೆ ಬೇಕಾದ್ದು 3.6. ಬರೀ ಮರಳಿನಲ್ಲಿ, ಎತ್ತರ ವ್ಯಾಸದ ಒಂದೂವರೆ ಪಟ್ಟೆಂದು ಹಿಡಿದರೂ 170 ವ್ಯಾಸದ ರೈಸರ್ ಬೇಕಾಗುತ್ತದೆ. ಬಾಸಿಗಿಂತ ರೈಸರೇ ದಪ್ಪ, ಕತ್ತರಿಸುವುದೂ ಕಷ್ಟ. ಅದಕ್ಕೆ 130 ಒಳವ್ಯಾಸ, 150 ಎತ್ತರದ ಎಕ್ಸೋಥರ್ಮಿಕ್ ಸ್ಲೀವ್ ಹಾಕಿದೆ. ಅದರ ಲೆಕ್ಕದ ಮಾಡ್ಯುಲಸ್ 2.67. ಸ್ಲೀವಿನ ಗುಣಕ 1.4 ಎಂದು ಹಿಡಿದರೆ 3.7 ಸಿಗುತ್ತದೆ. ಗುಣಕವನ್ನು ತಯಾರಕರ ಕ್ಯಾಟಲಾಗ್ ನೋಡಿಯೇ ಹಾಕಬೇಕು. ತೇವ ಕುಡಿದ ಸ್ಲೀವ್ ಆ ಗುಣಕ ಕೊಡುವುದಿಲ್ಲ, ಮೇಲಾಗಿ ಗ್ಯಾಸ್ ಬಿಡುತ್ತದೆ.

ತುದಿಯ ರೈಸರಿಗೆ 1.8 ಸಾಕು. 90 ವ್ಯಾಸ, 135 ಎತ್ತರದ ಸಾದಾ ರೈಸರ್ 1.93 ಕೊಡುತ್ತದೆ. ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಆದರೆ ಮಾಡ್ಯುಲಸ್ ಹೇಳುವುದು ರೈಸರ್ ಎಷ್ಟು ಹೊತ್ತು ದ್ರವವಾಗಿರುತ್ತದೆ ಎಂದಷ್ಟೇ. ಅದರಲ್ಲಿ ಕೊಡಲು ಲೋಹ ಸಾಕಷ್ಟಿದೆಯೇ ಎಂದಲ್ಲ. ಸಾದಾ ರೈಸರ್ ತನ್ನ ಗಾತ್ರದ ಸುಮಾರು ಶೇ. 14ನ್ನು ಮಾತ್ರ ಕೊಡಬಲ್ಲದು. 90ರ ರೈಸರಿನ ಗಾತ್ರ 859 ಘನ ಸೆಂ.ಮೀ., ಕೊಡುವುದು 120. ಗೋಡೆ ಮತ್ತು ಅದರ ಪಾಲಿನ ಪ್ಲೇಟು ಸೇರಿ 1890. ಅದಕ್ಕೆ ರೈಸರಿನ ಗಾತ್ರವನ್ನೂ ಕೂಡಿ ಶೇ. 5 ತೆಗೆದರೆ ಬೇಕಾದ್ದು 137. ಸಾಲದು. 100 ವ್ಯಾಸ, 150 ಎತ್ತರಕ್ಕೆ ಹೋದರೆ ಬೇಕಾದ್ದು 153, ಸಿಗುವುದು 165. ಅದನ್ನೇ ಇಟ್ಟೆ. ಸಾಲದ ರೈಸರಿನ ಗುರುತು ಸುಲಭ: ಅದನ್ನು ಉದ್ದಕ್ಕೆ ಸೀಳಿದರೆ ಲೋಹ ಕುಗ್ಗಿ ಆದ ಗುಳಿ, ಅಂದರೆ ಪೈಪ್, ತಳ ಮುಟ್ಟಿ ಎರಕದೊಳಗೆ ಇಳಿದಿರುತ್ತದೆ. ಪೈಪಿನ ತುದಿ ಎರಕದಿಂದ 20 ಮಿ.ಮೀ.ಯಾದರೂ ಮೇಲೆ ನಿಂತಿರಬೇಕು.

ತುದಿಯ ರೈಸರಿಗೂ ಬಾಸಿನ ರೈಸರಿಗೂ ನಡುವೆ ಉಳಿದ ಅಂತರ 85 ಮಿ.ಮೀ. ಎರಡು ರೈಸರ್ ನಡುವೆ ದಪ್ಪದ ನಾಲ್ಕು ಪಟ್ಟು, ಅಂದರೆ 120ರವರೆಗೆ ನಡೆಯುತ್ತದೆ. ಗೋಡೆಯ 170 ಮಾತ್ರ 135ನ್ನು ಮೀರುತ್ತದೆ. ಗೋಡೆಯ ಕೆಳಅಂಚಿಗೆ ಶಾಖ ಹೀರುವ ಲೋಹದ ತುಂಡು, ಅಂದರೆ ಚಿಲ್, ಇಟ್ಟರೆ ಇನ್ನೊಂದು 50 ಮಿ.ಮೀ. ಸಿಗುತ್ತದೆ, 185 ಆಯಿತು. ತುಕ್ಕು ಹಿಡಿದ, ಒದ್ದೆಯಾದ ಚಿಲ್ ಇಡಬೇಡಿ. ಅದರ ಮುಂದೆಯೇ ಬ್ಲೋಹೋಲ್ ಕೂತಿರುತ್ತದೆ.

ಇಷ್ಟಕ್ಕೆ ಟೊಳ್ಳು ಹೋಯಿತು. ಆದರೆ ಮೂಲೆಯ ನೆತ್ತಿಯ ಮೇಲೆ 100 ವ್ಯಾಸದ ಬಿಸಿ ಲೋಹ ಕೂತಿದೆ. ಮೂಲೆ ಮೊದಲಿಗಿಂತ ಹೆಚ್ಚು ಹೊತ್ತು ಅರೆಗಟ್ಟಿಯಾಗಿರುತ್ತದೆ, ಎಳೆತ ಮಾತ್ರ ಅಷ್ಟೇ ಇದೆ. ರೈಸರ್ ಬಿರುಕನ್ನು ಹೆಚ್ಚಿಸುವುದು ಹೀಗೆ. ಹಾಗಾಗಿ ಬಿರುಕಿಗೆ ಬೇರೆಯೇ ಮದ್ದು ಬೇಕು, ಅದು ಮೂರು ಕಡೆಯಿಂದ.

ಮೊದಲನೆಯದು, ಒಳಮೂಲೆಯ ಚರ್ಮ ಬೇಗ ಗಟ್ಟಿಯಾಗಬೇಕು. ಫಿಲೆಟ್ಟಿಗೆ ಹತ್ತಿಕೊಂಡು 25 ಮಿ.ಮೀ. ದಪ್ಪ ಕ್ರೋಮೈಟ್ ಮರಳು ಬಡಿಯಿಸಿದೆ. ಫಿಲೆಟ್ಟಿಗೆ ಅಡ್ಡಲಾಗಿ 6 ಮಿ.ಮೀ. ದಪ್ಪ, 40 ಮಿ.ಮೀ. ಕಾಲಿನ ತ್ರಿಕೋನ ಪಕ್ಕೆಗಳನ್ನು ಪ್ಯಾಟರ್ನಿಗೇ ಸೇರಿಸಿದೆ, ಮೂಲೆಗೆ ಮೂರರಂತೆ. ತೆಳುವಾದ್ದರಿಂದ ಅವು ಮೊದಲೇ ಹೆಪ್ಪುಗಟ್ಟಿ ಮೂಲೆಯ ಶಾಖ ಎಳೆಯುತ್ತವೆ, ಎಳೆತವನ್ನೂ ಹೊರುತ್ತವೆ. ಫೆಟ್ಲಿಂಗಿನಲ್ಲಿ ಗ್ರೈಂಡ್ ಮಾಡಿ ತೆಗೆಯಬೇಕು. ದಪ್ಪ ಪಕ್ಕೆ ಮಾಡಿದರೆ ಅದರ ಬುಡವೇ ಹೊಸ ಹಾಟ್ ಸ್ಪಾಟ್ ಆಗುತ್ತದೆ.

ಎರಡನೆಯದು, ಮರಳು ದಾರಿ ಬಿಡಬೇಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ, ಆದರೆ ಹೆಚ್ಚಿನವರು ಕೊನೆಗೆ ನೋಡುವುದು ಇದನ್ನೇ. ಬಾಸಿನ ಎರಡೂ ಬದಿಗೆ, ಗೋಡೆಯವರೆಗಿನ ಮರಳಿನ ದಿಮ್ಮಿಗಳೇ ಕುಗ್ಗುವಿಕೆಗೆ ಅಡ್ಡ ನಿಲ್ಲುವುದು. ಅವನ್ನು ಗಟ್ಟಿಯಾಗಿ ತುಂಬದೆ, ಲೋಹದ ಕಡೆಗೆ 40 ಮಿ.ಮೀ. ಮಾತ್ರ ಸಿಲಿಕೇಟ್ ಮರಳು ಇಟ್ಟು, ನಡುವೆ ಕೋಕ್ ಪುಡಿ ತುಂಬಿಸಿದೆ. ಸಿಲಿಕೇಟ್ ಶೇ. 4 ಮೀರಬಾರದು. ಅಚ್ಚು ಸಡಿಲವೆಂದು ಮೋಲ್ಡರ್ ಒಂದು ಶೇಕಡಾ ಹೆಚ್ಚು ಹಾಕಿದರೆ ಮರಳು ಬಿಸಿಯಲ್ಲಿ ಗಾಜಿನಂತೆ ಕಟ್ಟಿಕೊಂಡು ಗೋಡೆಗಳನ್ನು ಹಿಡಿದಿಡುತ್ತದೆ. ಬಿರುಕು ಒಂದು ಬ್ಯಾಚಿನಲ್ಲಿ ಬಂದು ಇನ್ನೊಂದರಲ್ಲಿ ಇಲ್ಲವೆಂದರೆ ನಾನು ಮೊದಲು ಕೇಳುವುದು ಮರಳಿನ ಲೆಕ್ಕ, ಆಮೇಲೆ ಗಂಧಕದ್ದು. ಗಂಧಕ ಹೆಚ್ಚಿ ಮ್ಯಾಂಗನೀಸ್ ಸಾಲದಿದ್ದರೆ ಕಬ್ಬಿಣದ ಸಲ್ಫೈಡ್ ಪೊರೆ 988 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯುತ್ತದೆ, ಬಿರುಕು ಬಿಡಬಹುದಾದ ಅವಧಿ ಅಷ್ಟು ಹಿಗ್ಗುತ್ತದೆ. ಗಂಧಕ, ರಂಜಕ ಎರಡನ್ನೂ ಶೇ. 0.025ರ ಒಳಗಿಡಲು ನೋಡುತ್ತೇನೆ.

ಮೂರನೆಯದು ಗೇಟಿಂಗ್. ಪ್ಲೇಟಿನ ಮಟ್ಟದಲ್ಲಿ ಲೋಹ ಬಿಟ್ಟರೆ ಅದು 170 ಮಿ.ಮೀ. ಕೆಳಗೆ ಬೀಳುತ್ತದೆ, ತಳ ಮುಟ್ಟುವಾಗ ಸೆಕೆಂಡಿಗೆ 1.8 ಮೀಟರ್ ವೇಗ. ಮರಳು ಕೊರೆಯುತ್ತದೆ, ಆಕ್ಸೈಡ್ ಒಳಗೆ ಮಡಚಿಕೊಳ್ಳುತ್ತದೆ. ಆದ್ದರಿಂದ ಒಂದೇ ಉದ್ದಬದಿಯಿಂದ, ಎರಡೂ ಗೋಡೆಗಳ ತಳದ ಹತ್ತಿರ, 50 × 18 ಮಿ.ಮೀ.ನ ಒಂದೊಂದು ಇನ್‌ಗೇಟ್ ಕೊಟ್ಟೆ. ರೈಸರ್, ರನ್ನರ್ ಸೇರಿ 90 ಕಿಲೋ ಲೋಹ 15 ಸೆಕೆಂಡಿನಲ್ಲಿ ಹೋದರೆ ಇನ್‌ಗೇಟಿನಲ್ಲಿ ವೇಗ ಅರ್ಧ ಮೀಟರಿನೊಳಗೆ ನಿಲ್ಲುತ್ತದೆ. ಲೋಹ ಹೊಯ್ಯುವ ನಿಲುಕೊಳವೆಯಾದ ಸ್ಪ್ರೂವಿನ ತಳ 26 ಮಿ.ಮೀ. ವ್ಯಾಸ. ಇನ್‌ಗೇಟಿನ ಪಕ್ಕದ 60 ಮಿ.ಮೀ.ನಲ್ಲಿ ಚಿಲ್ ಇಡಲಿಲ್ಲ. ಬಿಸಿ ಲೋಹವೆಲ್ಲ ಹರಿಯುವ ಜಾಗದಲ್ಲಿ ಚಿಲ್ ತಾನೇ ಕಾದು ಕೆಲಸಕ್ಕೆ ಬಾರದಾಗುತ್ತದೆ.

ಎರಡು ಗೋಡೆಗಳಿಗೂ ಲೋಹ ಒಯ್ಯುವ ರನ್ನರ್ ನೇರವಾಗಿದ್ದರೆ, ಪ್ಲೇಟಿಗಿಂತ ಮೊದಲು ಗಟ್ಟಿಯಾಗಿ ಗೋಡೆಗಳ ನಡುವೆ ಊರುಗೋಲಿನಂತೆ ನಿಲ್ಲುತ್ತದೆ. ಮರಳನ್ನು ಎಷ್ಟು ಸಡಿಲಿಸಿದರೂ ಆಗ ಬಿರುಕು ತಪ್ಪದು. ರನ್ನರನ್ನು ಬಿಲ್ಲಿನಂತೆ ಹೊರಕ್ಕೆ ಬಾಗಿಸಿ, ಅದರ ಬೆನ್ನಿಗೆ ಸಡಿಲ ಮರಳು ಬಿಟ್ಟರೆ ಅದೂ ಗೋಡೆಗಳೊಂದಿಗೆ ಒಳಕ್ಕೆ ಸರಿಯುತ್ತದೆ.

ಕೆಳಗಿನಿಂದ ತುಂಬುವುದಕ್ಕೆ ಒಂದು ಬೆಲೆ ಇದೆ: ರೈಸರಿಗೆ ತಲುಪುವುದು ಎಲ್ಲಕ್ಕಿಂತ ತಣ್ಣಗಾದ ಲೋಹ. 1580 ಡಿಗ್ರಿಯ ಹತ್ತಿರ ಎರೆದು, ರೈಸರುಗಳು ಮುಕ್ಕಾಲು ತುಂಬಿದೊಡನೆ ಸ್ಪ್ರೂ ಬಿಟ್ಟು ಲ್ಯಾಡಲಿನ ಬಿಸಿ ಲೋಹವನ್ನು ನೇರ ಮೂರೂ ರೈಸರಿಗೆ ಹೊಯ್ದು, ತಕ್ಷಣ ಮೇಲೆ ಎಕ್ಸೋಥರ್ಮಿಕ್ ಪುಡಿ ಮುಚ್ಚಿಸುತ್ತೇನೆ. ಈ ಹೆಜ್ಜೆ ತಪ್ಪಿದರೆ ಮೇಲಿನ ರೈಸರ್ ಲೆಕ್ಕವೆಲ್ಲ ಕಾಗದದ ಮೇಲೆಯೇ ಉಳಿಯುತ್ತದೆ.

ಮೊದಲ ಮೂರು ಎರಕಗಳಲ್ಲಿ ಒಂದನ್ನು ಎರಡೂ ಮೂಲೆಗಳ ಮೂಲಕ ಸೀಳಿ ನೋಡಬೇಕು, ಉಳಿದವುಗಳ ಫಿಲೆಟ್ಟಿಗೆ ಪಕ್ಕೆ ತೆಗೆದ ಮೇಲೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡಿಸಬೇಕು. ಪಕ್ಕೆ ಇರುವಾಗಲೇ ಮಾಡಿಸಿದರೆ ಅದರ ಬುಡದಲ್ಲಿ ಅಡಗಿದ ಬಿರುಕು ಕಾಣುವುದಿಲ್ಲ. 48 ಕಿಲೋ ಎರಕಕ್ಕೆ 90 ಕಿಲೋ ಲೋಹ, ಯೀಲ್ಡ್ ಶೇ. 53. ಗ್ರಾಹಕರು ಬಾಸಿನ ತೂತನ್ನು ಕೋರ್ ಹಾಕಿಯೇ ಎರೆಯಲು ಒಪ್ಪಿದರೆ ಬಾಸಿನ ಮಾಡ್ಯುಲಸ್ ಇಳಿಯುತ್ತದೆ, ನಡುವಿನ ಸ್ಲೀವನ್ನೂ ಚಿಕ್ಕದು ಮಾಡಬಹುದು.