ರೂಪಾಯಿ ಇಳಿಯಿತೇ, ಇಳಿಸಲಾಯಿತೇ? ಗುರುತಿಸುವ ಬಗೆ

ಡಾಲರ್ ದುಬಾರಿಯಾದ ದಿನವೆಲ್ಲ ‘ರೂಪಾಯಿ ಅಪಮೌಲ್ಯ’ ಎಂದು ಬರೆಯುವ ರೂಢಿ ಬೆಳೆದಿದೆ. ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲೂ ಇದೇ ತಪ್ಪು ಕಾಣುತ್ತದೆ.

ಮೊದಲು, ಇಳಿಕೆಯಾದ ಕಾಲದಲ್ಲಿ ವಿನಿಮಯ ದರ ನಿಗದಿಯಾಗುತ್ತಿದ್ದುದು ಎಲ್ಲಿ ಎಂದು ನೋಡಿ. ಅಧಿಕೃತ ದರವನ್ನು ಆಡಳಿತವೇ ಘೋಷಿಸುತ್ತಿದ್ದು, ಅದನ್ನು ತಾನೇ ತಗ್ಗಿಸಿದರೆ ಅದು ಅಪಮೌಲ್ಯ. ಮಾರುಕಟ್ಟೆಯ ಬೇಡಿಕೆ ಮತ್ತು ಪೂರೈಕೆಯಿಂದ ದರ ತಾನಾಗಿ ಇಳಿದರೆ ಅದು ಮೌಲ್ಯ ಕುಸಿತ. 1966ರ ಜೂನ್ 6ರಂದು ಭಾರತ ಸರ್ಕಾರ ಡಾಲರಿನ ಅಧಿಕೃತ ಬೆಲೆಯನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿದ್ದು ಅಪಮೌಲ್ಯ. 2013ರ ಮೇ ತಿಂಗಳಲ್ಲಿ ಸುಮಾರು 55 ರೂಪಾಯಿಯಿದ್ದ ಡಾಲರ್, ವಿದೇಶಿ ಹೂಡಿಕೆದಾರರು ಹಣ ಹಿಂತೆಗೆದಾಗ ಆಗಸ್ಟ್ ಕೊನೆಯಲ್ಲಿ 68 ದಾಟಿದ್ದು ಮೌಲ್ಯ ಕುಸಿತ. ಆಗ ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ಇಳಿತವನ್ನು ತಡೆಯಲು ಯತ್ನಿಸಿತ್ತು. ಹೀಗೆ ಮಧ್ಯಪ್ರವೇಶಿಸಿದ ಮಾತ್ರಕ್ಕೆ ದರ ನಿಗದಿ ಮಾಡಿದಂತೆ ಆಗುವುದಿಲ್ಲ.

ಹೆಚ್ಚಿನವರು ಎಡವುವುದು ಎರಡನೆಯ ಹೆಜ್ಜೆಯಾದ ಶೇಕಡಾವಾರು ಲೆಕ್ಕದಲ್ಲಿ. 4.76ರಿಂದ 7.50ಕ್ಕೆ 2.74 ರೂಪಾಯಿ ಹೆಚ್ಚಾಯಿತು, ಅದನ್ನು 4.76ರಿಂದ ಭಾಗಿಸಿದರೆ ಶೇ 57.6 ಬರುತ್ತದೆ. ಹಲವರು ಇಲ್ಲಿಗೇ ನಿಂತು, ರೂಪಾಯಿ ಮೌಲ್ಯ ಶೇ 57.6ರಷ್ಟು ಇಳಿಯಿತೆಂದು ಬರೆದುಬಿಡುತ್ತಾರೆ. ಆದರೆ ಅದು ಡಾಲರಿನ ಬೆಲೆ ಏರಿದ ಪ್ರಮಾಣ. ರೂಪಾಯಿಯ ಇಳಿತ ತಿಳಿಯಬೇಕಾದರೆ ಲೆಕ್ಕವನ್ನು ತಿರುಗಿಸಿ, ಒಂದು ರೂಪಾಯಿಗೆ ಎಷ್ಟು ಸೆಂಟ್ ಸಿಗುತ್ತಿತ್ತು ಎಂದು ಕೇಳಬೇಕು. ಮೊದಲು 21 ಸೆಂಟ್ ಸಿಗುತ್ತಿತ್ತು, ಬಳಿಕ 13.33 ಸೆಂಟ್, 7.67 ಸೆಂಟ್ ಕಡಿಮೆಯಾದದ್ದನ್ನು 21ರಿಂದ ಭಾಗಿಸಿದಾಗ ಬರುವ ಶೇ 36.5 ಸರಿಯಾದ ಉತ್ತರ. ಹಳೆಯ ದರವನ್ನು ಹೊಸ ದರದಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆಯುವ ಅಡ್ಡದಾರಿಯೂ ಇದೆ. ಮೊದಲ ದಾರಿಯ ಅರ್ಥ ಮನಸ್ಸಿಗೆ ಕೂತ ಮೇಲಷ್ಟೇ ಅದನ್ನು ಬಳಸಿ. ಮೊಬೈಲ್ ಆ್ಯಪ್‌ಗಳ ನಕ್ಷೆಯನ್ನಂತೂ ಅಕ್ಷಗಳ ಹೆಸರು ಓದದೆ ನಂಬಬೇಡಿ, ಏಕೆಂದರೆ ಡಾಲರಿನ ಬೆಲೆ ತೋರಿಸುವ ನಕ್ಷೆಯಲ್ಲಿ ಗೆರೆ ಮೇಲೇರಿದರೆ ರೂಪಾಯಿ ಇಳಿದಿದೆ ಎಂದರ್ಥ.

ಮೌಲ್ಯ ಏರುವಾಗಲೂ ಇದೇ ಎರಡು ಹೆಜ್ಜೆ ಸಾಕು. 1961ರ ಮಾರ್ಚ್‌ನಲ್ಲಿ ಪಶ್ಚಿಮ ಜರ್ಮನಿ ಡಾಲರಿನ ಅಧಿಕೃತ ಬೆಲೆಯನ್ನು 4.20 ಮಾರ್ಕ್‌ನಿಂದ 4.00ಕ್ಕೆ ಇಳಿಸಿತು. ಒಂದು ಮಾರ್ಕ್‌ಗೆ 23.81ರ ಬದಲು 25 ಸೆಂಟ್ ಸಿಗತೊಡಗಿದ್ದರಿಂದ ಮಾರ್ಕ್ ಶೇ 5ರಷ್ಟು ಮೇಲೇರಿತು. ಆಡಳಿತವೇ ಏರಿಸಿದ ಕಾರಣ ಇದು ಮರುಮೌಲ್ಯೀಕರಣ. 2007ರಲ್ಲಿ ವಿದೇಶಿ ಹಣ ಹೇರಳವಾಗಿ ಹರಿದುಬಂದು, ಡಾಲರ್ ಸುಮಾರು 44 ರೂಪಾಯಿಯಿಂದ 39ರ ಆಸುಪಾಸಿಗೆ ಇಳಿದದ್ದು ಮಾರುಕಟ್ಟೆ ತಂದ ಮೌಲ್ಯ ಏರಿಕೆ.

ರೂಪಾಯಿಯ ಹಳೆಯ ಸುದ್ದಿ ಓದುವಾಗ 1993ರ ಮಾರ್ಚ್ ತಿಂಗಳನ್ನು ಗಡಿಯಾಗಿಟ್ಟುಕೊಳ್ಳಿ. ಆಗಿನಿಂದ ದರ ಮಾರುಕಟ್ಟೆಯಲ್ಲೇ ನಿರ್ಧಾರವಾಗುತ್ತಿದೆ. ಹಾಗಾಗಿ 1991ರ ಜುಲೈ ಇಳಿಕೆಯನ್ನು ಅಪಮೌಲ್ಯ ಎನ್ನಬೇಕು, ಈಚಿನ ಇಳಿಕೆಗಳನ್ನು ಹಾಗೆನ್ನುವಂತಿಲ್ಲ.