ವಿದೇಶದ ನೆಂಟರಿಗೆ ಲಗ್ನಪತ್ರಿಕೆ ಬರೆಯುವುದು ಹೇಗೆ?

ಎರಡು ಭಾಷೆಯ ಲಗ್ನಪತ್ರಿಕೆ ಕೆಡುವುದು ಹೆಚ್ಚಾಗಿ ಒಂದೇ ಕಡೆ. ಕನ್ನಡ ಪುಟವನ್ನು ಸಾಲಿಗೆ ಸಾಲು ಇಂಗ್ಲಿಷಿಗೆ ಇಳಿಸಲು ಕೂರುತ್ತಾರೆ. ‘ಸ್ವಸ್ತಿ ಶ್ರೀ ವಿಜಯಾಭ್ಯುದಯ ನೃಪ ಶಾಲಿವಾಹನ ಶಕ’ಕ್ಕೆ ಇಂಗ್ಲಿಷ್ ಹುಡುಕಿ ಸುಸ್ತಾಗುವ ಹೊತ್ತಿಗೆ, ಧಾರೆ ಯಾವತ್ತು, ಎಷ್ಟು ಗಂಟೆಗೆ ಎಂಬುದೇ ಮಸುಕಾಗಿರುತ್ತದೆ. ಇಂಗ್ಲಿಷ್ ಪುಟವನ್ನು ಹೊಸದಾಗಿಯೇ ಬರೆಯಿರಿ. ಕನ್ನಡ ಪುಟ ಮನೆತನದ್ದು, ಇಂಗ್ಲಿಷ್ ಪುಟ ಬರುವವರದ್ದು.

ಕನ್ನಡ ಪುಟ: ಕುಲದೇವರ ಹೆಸರು, ಸಂವತ್ಸರ, ತಿಥಿ, ಲಗ್ನ ಎಲ್ಲವೂ ಪುರೋಹಿತರು ಬರೆದುಕೊಟ್ಟಂತೆಯೇ ಇರಲಿ. ಇಲ್ಲಿ ಕೈ ಹಾಕಬೇಡಿ.

ಹೆಸರುಗಳು: ಚಿ||ರಾ||, ಚಿ||ಕುಂ||ಸೌ|| ಕನ್ನಡದಲ್ಲಿ ಇರಲೇಬೇಕು, ಇಂಗ್ಲಿಷಿನಲ್ಲಿ ಬೇಡ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ‘ಚಿ’ಯನ್ನು ಹೆಸರಿನ ಇನಿಷಿಯಲ್ ಎಂದು ಓದುತ್ತಾರೆ. ವಧೂವರರ ಇಂಗ್ಲಿಷ್ ಕಾಗುಣಿತ ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರಲಿ. ಮದುವೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆಯನ್ನೂ ಕೇಳುವುದುಂಟು. ಅದರಲ್ಲೊಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಮುಂದೆ ವೀಸಾ ಹೊತ್ತಿಗೆ ಓಡಾಟ ತಪ್ಪದು.

ದಿನ ಮತ್ತು ಹೊತ್ತು: ಎಲ್ಲರೂ ಎಡವುವುದು ಇಲ್ಲಿ. ಒಂದು ಉದಾಹರಣೆ ನೋಡೋಣ. ಕನ್ನಡ ಪುಟದಲ್ಲಿ ಹೀಗಿದೆ: ‘ಪರಾಭವ ನಾಮ ಸಂವತ್ಸರದ ವೈಶಾಖ ಶುಕ್ಲ ದಶಮಿ ಭಾನುವಾರ, 26-4-2026, ಬೆಳಿಗ್ಗೆ 9.30ರಿಂದ 10.10ರೊಳಗೆ ಮಿಥುನ ಲಗ್ನದಲ್ಲಿ.’

ಇಂಗ್ಲಿಷ್ ಪುಟದಲ್ಲಿ ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ, ಏಪ್ರಿಲ್ ಎಂದು ಅಕ್ಷರದಲ್ಲೇ ಬರೆಯಿರಿ. ಅಮೆರಿಕದವರು ತಿಂಗಳನ್ನು ಮೊದಲು ಓದುತ್ತಾರೆ. 26ನೇ ತಿಂಗಳು ಇಲ್ಲವಾದ್ದರಿಂದ ಈ ತಾರೀಖು ಹೇಗೋ ಬಚಾವು. 4-5-2026 ಆಗಿದ್ದರೆ ಮೇ ನಾಲ್ಕರ ಮದುವೆಗೆ ಏಪ್ರಿಲ್ ಐದಕ್ಕೆ ಟಿಕೆಟ್ ಆಗಿರುತ್ತಿತ್ತು.

ವಿಮಾನ ಹತ್ತಲಾಗದೆ ಮನೆಯಲ್ಲೇ ಕೂತು ನೇರಪ್ರಸಾರ ನೋಡುವವರದ್ದು ಬೇರೆ ಪಾಡು. ಆ ದಿನಗಳಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಲೆಕ್ಕ ಹಾಕಿದರೆ ಮುಹೂರ್ತ ಶುರುವಾಗುವುದು ಅಲ್ಲಿನ ನಡುರಾತ್ರಿ ಹನ್ನೆರಡಕ್ಕೆ. ಇದನ್ನು ‘ಸಂಡೇ 12 ಎಎಂ’ ಎಂದು ಹಾಕಿದಿರೋ, ಅತ್ತೆ ಭಾನುವಾರ ಇಡೀ ದಿನ ಕಳೆದು ರಾತ್ರಿ ಹನ್ನೆರಡಕ್ಕೆ ಫೋನ್ ತೆಗೆಯುತ್ತಾರೆ. ಅಷ್ಟೊತ್ತಿಗೆ ಇಲ್ಲಿ ಹುಡುಗಿಯನ್ನು ಕಳಿಸಿಕೊಟ್ಟೂ ಆಗಿರುತ್ತದೆ. ‘ಏಪ್ರಿಲ್ 25, ಸ್ಯಾಟರ್ಡೇ ನೈಟ್ 11.45ಕ್ಕೆ ಲಾಗಿನ್ ಆಗಿ’ ಎಂದು ಬರೆದರೆ ಗೊಂದಲವೇ ಇಲ್ಲ. ಕ್ಯಾಲಿಫೋರ್ನಿಯಾಕ್ಕೆ ಮುಹೂರ್ತ ಶನಿವಾರ ರಾತ್ರಿ 9, ಲಂಡನ್ನಿಗೆ ಭಾನುವಾರ ಬೆಳಗಿನ ಜಾವ 5, ಸಿಡ್ನಿಗೆ ಭಾನುವಾರ ಮಧ್ಯಾಹ್ನ 2. ನಿಮ್ಮ ನೆಂಟರು ಇರುವ ಊರುಗಳಷ್ಟನ್ನೇ ಪುಟದ ಕೆಳಗೆ ಕೊಡಿ, ಜಗತ್ತಿನ ಗಡಿಯಾರವೆಲ್ಲ ಬೇಡ.

ಹೋದ ಮದುವೆಯ ಪಟ್ಟಿಯನ್ನು ನಕಲು ಮಾಡಬೇಡಿ. ಅಮೆರಿಕದ ಬಹುಪಾಲು ಕಡೆ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗಿ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ. ಮಾಘದ ಮದುವೆಯ ಲೆಕ್ಕ ವೈಶಾಖಕ್ಕೆ ಒಂದು ಗಂಟೆ ತಪ್ಪುತ್ತದೆ.

ಇನ್ನು ಬ್ರಾಹ್ಮೀ ಮುಹೂರ್ತದ ಮದುವೆ. ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ. ಗುರುವಾರ ಬೆಳಗಿನ ಜಾವ 4.45ರ ಧಾರೆಯನ್ನು ಪುರೋಹಿತರು ‘ಬುಧವಾರ ರಾತ್ರಿ’ ಎಂದೇ ಬರೆಯಬಹುದು. ಅದು ತಪ್ಪಲ್ಲ, ಕನ್ನಡ ಪುಟದಲ್ಲಿ ಹಾಗೆಯೇ ಬಿಡಿ. ಇಂಗ್ಲಿಷಿನಲ್ಲಿ ಗುರುವಾರವೆಂದೇ ಹಾಕಿ, ‘ಹಿಂದಿನ ರಾತ್ರಿಯೇ ಬಂದು ತಂಗಿ’ ಎಂಬ ಮಾತು ಸೇರಿಸಿ.

ಕರೆಯುವ ಸಾಲು: ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬುದು ನಮ್ಮ ಕಿವಿಗೆ ಮರ್ಯಾದೆಯ ಮಾತು. ಇಂಗ್ಲಿಷಿನಲ್ಲಿ ‘ವಿತ್ ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್’ ಆದಾಗ ಅದು ತಲೆಲೆಕ್ಕ. ಎಷ್ಟು ಜನ ಬರಬಹುದು ಎಂದು ಅವರು ಕೇಳುವಂತಾಗುತ್ತದೆ. ಅಲ್ಲಿ ಮನೆಯವರ ಹೆಸರು ಹಿಡಿದೇ ಕರೆಯಿರಿ, ಮಕ್ಕಳ ಹೆಸರೂ ಬರಲಿ. ವರಪೂಜೆ, ಧಾರೆ, ಆರತಕ್ಷತೆ ಪದಗಳನ್ನು ಹಾಗೆಯೇ ಉಳಿಸಿ, ಪ್ರತಿಯೊಂದರ ಪಕ್ಕ ಅಲ್ಲಿ ಏನು ನಡೆಯುತ್ತದೆ ಎಂದು ನಾಲ್ಕು ಪದ ಹಾಕಿ. ‘ರಿಸೆಪ್ಷನ್’ ಎಂದಷ್ಟೇ ಬರೆದರೆ ಅದು ಮದುವೆಯ ನಂತರ ಎಂದುಕೊಳ್ಳುತ್ತಾರೆ. ನಿಮ್ಮಲ್ಲಿ ಆರತಕ್ಷತೆ ಹಿಂದಿನ ಸಂಜೆಯೇ ಇದ್ದರೆ ತಾರೀಖನ್ನು ದಪ್ಪಕ್ಷರದಲ್ಲಿ ಕೊಡಿ.

ಅಚ್ಚಿನ ಅಂಗಡಿಯ ಸಿದ್ಧ ಇಂಗ್ಲಿಷ್ ನಮೂನೆಯನ್ನು ನಾನಂತೂ ಮುಟ್ಟುವುದಿಲ್ಲ. ಅದರಲ್ಲಿ ‘ಆಸ್ಪಿಶಿಯಸ್’ ಮೂರು ಸಲ ಇರುತ್ತದೆ, ಛತ್ರಕ್ಕೆ ಹೋಗುವ ದಾರಿ ಒಂದು ಸಲವೂ ಇರುವುದಿಲ್ಲ.

ಕಳಿಸುವುದು: ಪಿಡಿಎಫ್ ಮಾಡಿ. ಅದಕ್ಕೂ ಮೊದಲು ಕನ್ನಡ ಪುಟವನ್ನು ಕಂಪ್ಯೂಟರಿನಲ್ಲಲ್ಲ, ಕಾಗದದ ಮೇಲೆ ಓದಿ. ವಿನ್ಯಾಸದ ಸಾಫ್ಟ್‌ವೇರ್‌ಗೆ ಹಾಕುವಾಗ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬರುವುದುಂಟು. ‘ಲಗ್ನ’ವೂ ‘ಜ್ಯೇಷ್ಠ ಪುತ್ರಿ’ಯೂ ಮೊದಲು ಕೆಡುವ ಪದಗಳು. ಇಂಗ್ಲಿಷ್ ಪುಟವನ್ನು ಹೊರಗಿರುವ ಯಾರಾದರೂ ಒಬ್ಬ ನೆಂಟರಿಗೆ ಕಳಿಸಿ, ನಿಮ್ಮೂರಿನಲ್ಲಿ ಧಾರೆ ಯಾವ ದಿನ ಎಷ್ಟು ಗಂಟೆಗೆ ಎಂದು ಕೇಳಿ. ಉತ್ತರ ಸರಿ ಬಂದ ಮೇಲೆಯೇ ಅಚ್ಚಿಗೆ ಕೊಡಿ.